ಕಣ 20ಕ್ಕೆ ಮುಗಿಯುವುದಿಲ್ಲ: ಗುಂಪಿಗೆ ಏನು ಬರೆಯಬೇಕು, ಹೊಸ ದಿನಾಂಕ ಹೇಗೆ ಹೇಳಬೇಕು?

ಪ್ರಶ್ನೆ: ಗೋಣಿಕೊಪ್ಪಲಿನ ಹತ್ತಿರ ನಮ್ಮ ಬೆಳೆಗಾರರ ಗುಂಪಿಗೆ 60 ಅಡಿ ಉದ್ದ, 40 ಅಡಿ ಅಗಲದ ಕಾಂಕ್ರೀಟ್ ಕಾಫಿ ಕಣ ಮಾಡಿಸುತ್ತಿದ್ದೇವೆ. ಉಸ್ತುವಾರಿ ನನ್ನದು. ನವೆಂಬರ್ 20ಕ್ಕೆ ಕಣ ಸಿಗುತ್ತದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಹೇಳಿದ್ದೆ. 5, 6, 7ಕ್ಕೆ ಕಾಂಕ್ರೀಟ್ ಹಾಕಬೇಕಿತ್ತು. ಇವತ್ತು 8, ಶನಿವಾರ, ಇನ್ನೂ ಹಾಕಿಲ್ಲ. ಮೂರು ದಿನ ಮಳೆಗೆ ಹೋಯಿತು, ಆದರೆ ಜಲ್ಲಿ ಕಡಿಮೆ ದರಕ್ಕೆ ಸಿಗಲಿ ಎಂದು ಐದು ದಿನ ಕಾದವನು ನಾನೇ. ಜಲ್ಲಿ ಮಂಗಳವಾರ ಬರುತ್ತದೆ, 13ರಿಂದ 15ರವರೆಗೆ ಕಾಂಕ್ರೀಟ್ ಹಾಕೋಣ ಎನ್ನುತ್ತಾರೆ ಮೇಸ್ತ್ರಿ. ಗುಂಪಿನಲ್ಲಿ ಸದಸ್ಯರು, ಮೇಸ್ತ್ರಿ, ರೈಟರ್, ಟ್ರ್ಯಾಕ್ಟರ್ ಡ್ರೈವರ್ ಸೇರಿ 14 ಜನ ಇದ್ದಾರೆ. ಈ ಸಲ ಹುತ್ತರಿ ಡಿಸೆಂಬರ್ 4ಕ್ಕೆ. ಸದ್ಯಕ್ಕೆ “ಸ್ವಲ್ಪ ತಡವಾಗಬಹುದು” ಎಂದು ಹಾಕಿ ನಾಲ್ಕು ದಿನ ನೋಡೋಣ ಅನ್ನಿಸುತ್ತಿದೆ. ಸರಿಯೇ?

ಉತ್ತರ: ಬೇಡ. ಇವತ್ತು ಸಂಜೆಯೇ, ದಿನಾಂಕದ ಸಮೇತ ಬರೆಯಿರಿ. ನಾಳೆ ಭಾನುವಾರದ ಸಂತೆಯಲ್ಲಿ ನಿಮ್ಮ ಸದಸ್ಯರು ಒಬ್ಬರಿಗೊಬ್ಬರು ಸಿಗುತ್ತಾರೆ. ಜಲ್ಲಿ ಇಲ್ಲದ, ಹಲಗೆ ಕಟ್ಟದ ಜಾಗವನ್ನು ಯಾರೋ ಒಬ್ಬರು ನೋಡಿಯೇ ಇರುತ್ತಾರೆ. ಸುದ್ದಿ ಅಲ್ಲಿಂದ ಹರಡಿದ ಮೇಲೆ ನೀವು ಏನು ಬರೆದರೂ ಅದು ಸಮಜಾಯಿಷಿಯಾಗಿ ಕೇಳಿಸುತ್ತದೆ.

“ಸ್ವಲ್ಪ ತಡವಾಗಬಹುದು” ಎನ್ನುವ ಮಾತು ಯಾಕೆ ಕೆಲಸಕ್ಕೆ ಬಾರದು ಎಂದು ತಿಳಿಯಲು ಓದುವವರ ಕಡೆಯಿಂದ ನೋಡಿ. ಅರೇಬಿಕಾ ಇರುವ ಸದಸ್ಯರು 20ರ ಸುಮಾರಿಗೆ ಮೊದಲ ಕೊಯ್ಲಿಗೆ ಆಳು ಹೇಳಿರುತ್ತಾರೆ, ಕೆಲವರು ಮುಂಗಡವನ್ನೂ ಕೊಟ್ಟಿರಬಹುದು. ಹಣ್ಣು ಕೊಯ್ದ ದಿನವೇ ಪಲ್ಪ್ ಆಗಬೇಕು, ಅಂದರೆ ಸಿಪ್ಪೆ ಬಿಡಿಸಬೇಕು. ತೊಳೆದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ತಡಮಾಡದೆ ಹರಡಬೇಕು, ಇಲ್ಲದಿದ್ದರೆ ವಾಸನೆ ಹಿಡಿಯುತ್ತದೆ. ಒಳ್ಳೆಯ ಬಿಸಿಲಿದ್ದರೂ ಅದು ಒಣಗಲು ಒಂದು ವಾರಕ್ಕಿಂತ ಹೆಚ್ಚು ಬೇಕು. ಅಂದರೆ ಅವರಿಗೆ ಬೇಕಾಗಿರುವುದು ಕೊಯ್ಲನ್ನು ಎಷ್ಟು ದಿನ ತಳ್ಳಬೇಕು, ಅಥವಾ ಈ ಸಲದ ಮಾಲನ್ನು ಬೇರೆಲ್ಲಿ ಹರಡಬೇಕು ಎಂಬ ತೀರ್ಮಾನಕ್ಕೆ ಬರಲು ಒಂದು ತಾರೀಖು. “ಸ್ವಲ್ಪ” ಎಂದರೆ ಒಬ್ಬರು ಎರಡು ದಿನ ಎಂದುಕೊಳ್ಳುತ್ತಾರೆ, ಇನ್ನೊಬ್ಬರು ಹುತ್ತರಿ ಕಳೆದ ಮೇಲೆ ಎಂದುಕೊಳ್ಳುತ್ತಾರೆ. ಇಬ್ಬರೂ ತಪ್ಪು ಲೆಕ್ಕದ ಮೇಲೆ ಆಳು ಹೇಳುತ್ತಾರೆ.

ಮೊದಲು ದಿನಾಂಕವನ್ನು ಲೆಕ್ಕ ಹಾಕಿ, ಆಮೇಲೆ ಬರೆಯಿರಿ

ಮುಜುಗರದಲ್ಲಿ ಇರುವವರು ಸಾಮಾನ್ಯವಾಗಿ ಎದುರಿನವರು ಒಪ್ಪುವಂಥ ತಾರೀಖನ್ನು ಆರಿಸುತ್ತಾರೆ. “20 ಅಲ್ಲದಿದ್ದರೆ 25” ಎಂಬುದು ಹಾಗೆ ಹುಟ್ಟುವ ತಾರೀಖು, ಅದರ ಹಿಂದೆ ಕೆಲಸದ ಲೆಕ್ಕ ಇರುವುದಿಲ್ಲ. ನಿಮ್ಮ ಕೆಲಸಕ್ಕೆ ಲೆಕ್ಕ ಹೀಗೆ ಬರುತ್ತದೆ.

ಸೋಮವಾರ 10 ಮತ್ತು ಮಂಗಳವಾರ 11ಕ್ಕೆ ನೆಲ ಸಮ ಮಾಡಿ ಗಟ್ಟಿ ಮಾಡುವುದು, ಬುಧವಾರ 12ಕ್ಕೆ ಅಂಚಿನ ಹಲಗೆ. 13, 14, 15ಕ್ಕೆ ಕಾಂಕ್ರೀಟ್. ಕಾಂಕ್ರೀಟಿನ ಕೊನೆಯ ಪಟ್ಟಿ ಶನಿವಾರ 15ಕ್ಕೆ ಮುಗಿದರೆ ಅಲ್ಲಿಂದ ಕ್ಯೂರಿಂಗ್ ಶುರು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿ ಸಿಮೆಂಟ್. ಅದಕ್ಕೆ ಕನಿಷ್ಠ 10 ದಿನ ನೀರು ನಿಲ್ಲಿಸಬೇಕು ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಓಪಿಸಿಗಾದರೆ 7 ದಿನ. ಚೀಲದ ಮೇಲೆ ಯಾವುದೆಂದು ಬರೆದಿರುತ್ತದೆ, ನೋಡಿಕೊಳ್ಳಿ. ಪಿಪಿಸಿ ಎಂದಿಟ್ಟುಕೊಂಡರೆ ಕ್ಯೂರಿಂಗ್ 25ಕ್ಕೆ ಮುಗಿಯುತ್ತದೆ. 26, 27ಕ್ಕೆ ಪಟ್ಟಿಗಳ ನಡುವಿನ ಸಂದು ತುಂಬಿ, ತೊಳೆದು, ಆರಲು ಬಿಡುವುದು. 28ಕ್ಕೆ ಕಣ ತಯಾರು.

ನಿಮ್ಮ ಹಳೆಯ ಲೆಕ್ಕವೂ ಇದೇ ಅಲ್ಲವೇ: 7ಕ್ಕೆ ಕೊನೆಯ ಪಟ್ಟಿ, 17ರವರೆಗೆ ಕ್ಯೂರಿಂಗ್, 18, 19 ಸಂದು, 20ಕ್ಕೆ ಕಣ. ಅದರಲ್ಲಿ ಮಳೆಗೆಂದು ಒಂದು ದಿನವೂ ಇರಲಿಲ್ಲ. ಕೊಡಗಿನಲ್ಲಿ ಅಕ್ಟೋಬರ್, ನವೆಂಬರ್ ಎಂದರೆ ಹಿಂಗಾರಿನ ಕಾಲ, ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಹೊಸತೇನಲ್ಲ. ಹಾಗಾಗಿ ಮಳೆ ಬಂದದ್ದು ನಿಮ್ಮ ತಪ್ಪಲ್ಲದಿದ್ದರೂ ಮಳೆಗೆ ಜಾಗ ಬಿಡದ ದಿನಾಂಕ ನಿಮ್ಮದೇ. ಈ ಸಲ ಮೂರು ದಿನ ಮೀಸಲಿಡಿ. 28ಕ್ಕೆ ಮೂರು ಸೇರಿದರೆ ಡಿಸೆಂಬರ್ 1, ಸೋಮವಾರ. ಹುತ್ತರಿಗೆ ಮೂರು ದಿನ ಮುಂಚೆ.

ಈ ಮೂರು ದಿನ ನಿಜಕ್ಕೂ ಎಷ್ಟು ಮಳೆ ತಡೆಯುತ್ತದೆ ಎಂಬುದನ್ನೂ ನೋಡಿ. ಭಾನುವಾರ ಕೆಲಸ ಇಲ್ಲದಿದ್ದರೆ ಒಂದು ದಿನ ಮಳೆಗೆ ಹೋದಾಗ ಕೊನೆಯ ಪಟ್ಟಿ 16ಕ್ಕೆ ಅಲ್ಲ, 17ಕ್ಕೆ ಮುಗಿಯುತ್ತದೆ. ಎರಡು ದಿನ ಹೋದರೆ 18ಕ್ಕೆ. ಅಲ್ಲಿಂದ ಕ್ಯೂರಿಂಗ್ 28ರವರೆಗೆ, 29ಕ್ಕೆ ಅರ್ಧ ಸಂದು, 30 ಮತ್ತೆ ಭಾನುವಾರ, ಉಳಿದರ್ಧ ಡಿಸೆಂಬರ್ 1ಕ್ಕೆ. ತಾರೀಖು ತಪ್ಪಿತು. ಅಂದರೆ ಕಾಗದದ ಮೇಲೆ ಮೂರು ದಿನದ ಮೀಸಲು, ನಿಜದಲ್ಲಿ ಒಂದೇ ಮಳೆ ದಿನ. 16 ಮತ್ತು 30ರಲ್ಲಿ ಒಂದು ಭಾನುವಾರವಾದರೂ ಕೆಲಸಕ್ಕೆ ಬರಲು ಮೇಸ್ತ್ರಿ ಒಪ್ಪಿದರೆ ಎರಡು ಮಳೆ ದಿನ ತಾಳುತ್ತದೆ, ಎರಡೂ ಭಾನುವಾರ ಒಪ್ಪಿದರೆ ಮೂರು. ಈ ಮಾತನ್ನು ಮೇಸ್ತ್ರಿಯವರೊಂದಿಗೆ ಆಡದೆ ಗುಂಪಿಗೆ ತಾರೀಖು ಹಾಕಬೇಡಿ. ಹೊಸ ದಿನಾಂಕಗಳು ಎರಡನೇ ಸಲ ತಪ್ಪುವುದು ಹೆಚ್ಚಾಗಿ ಇಲ್ಲಿಯೇ: ಲೆಕ್ಕ ಸರಿ ಇರುತ್ತದೆ, ಆದರೆ ಕೆಲಸ ಮಾಡುವವರು ಆ ಲೆಕ್ಕವನ್ನು ಕೇಳಿಯೇ ಇರುವುದಿಲ್ಲ.

ಮೂರನೆಯ ಮಳೆ ದಿನ ಬಂದರೆ ಲೆಕ್ಕದಂತೆ ಡಿಸೆಂಬರ್ 2 ಅಥವಾ 3 ಆಗಬಹುದು. ಹಾಗೆ ಹೇಳಬೇಡಿ. ಹುತ್ತರಿಯ ಹಿಂದುಮುಂದಿನ ದಿನಗಳಲ್ಲಿ ಸದಸ್ಯರೂ ಸಿಗುವುದಿಲ್ಲ, ಆಳುಗಳೂ ಸಿಗುವುದಿಲ್ಲ. ನೇರವಾಗಿ ಡಿಸೆಂಬರ್ 8, ಸೋಮವಾರ ಎಂದು ಹೇಳುವುದು ಪ್ರಾಮಾಣಿಕ.

ಬರೆಯುವ ಮುಂಚೆ ಮೂರು ಫೋನ್

ಮೊದಲನೆಯದು ಮೇಸ್ತ್ರಿಗೆ, ಮೇಲಿನ ಭಾನುವಾರದ ಮಾತಿಗೆ. ಗುಂಪಿನಲ್ಲಿ ಹೀಗೆ ಬರೆಯುತ್ತಿದ್ದೇನೆ ಎಂದು ಅದೇ ಕರೆಯಲ್ಲಿ ಓದಿ ಹೇಳಿ. ಎರಡನೆಯದು ಜಲ್ಲಿಯವರಿಗೆ. “ಮಂಗಳವಾರ ಬರುತ್ತದೆ” ಎಂಬುದನ್ನು “ಮಂಗಳವಾರ ಎಷ್ಟು ಗಂಟೆಗೆ, ಎಷ್ಟು ಲೋಡು” ಎಂದು ಗಟ್ಟಿ ಮಾಡಿಕೊಳ್ಳಿ. ನಿಮ್ಮ ಕಣ ನಾಲ್ಕು ಇಂಚು ದಪ್ಪವಾದರೆ ಹಾಕಬೇಕಾದ ಕಾಂಕ್ರೀಟ್ ಸುಮಾರು 800 ಘನ ಅಡಿ, ಅಂದರೆ ಇಪ್ಪತ್ತೆರಡು ಇಪ್ಪತ್ಮೂರು ಘನ ಮೀಟರ್. ಅರ್ಧ ಜಲ್ಲಿ ಬಂದು ಇನ್ನರ್ಧ ಗುರುವಾರ ಬರುವುದಾದರೆ 13ಕ್ಕೆ ಶುರು ಮಾಡಿಯೂ ಪ್ರಯೋಜನವಿಲ್ಲ. ಮೂರನೆಯದು, ಮೊದಲು ಕೊಯ್ಲು ಶುರು ಮಾಡುವ ಸದಸ್ಯರಿಗೆ. ಅತಿ ಹೆಚ್ಚು ತೊಂದರೆ ಅವರಿಗೇ, ಹಾಗಾಗಿ ಗುಂಪಿನಲ್ಲಿ ಓದಿ ತಿಳಿಯುವಂತೆ ಮಾಡುವುದು ಸರಿಯಲ್ಲ. ಅವರ ಮಾಲಿಗೆ ಏನು ದಾರಿ ಎಂದೂ ಆಗಲೇ ಕೇಳಿಕೊಳ್ಳಿ. ಮೊದಲ ಕೊಯ್ಲು ಆಯ್ದು ಕೊಯ್ಯುವಂಥದ್ದು, ಮಾಲು ಕಡಿಮೆ. ಮನೆಯ ಹಳೆ ಕಣ ಇಲ್ಲವೇ ನೆಲದಿಂದ ಎತ್ತರಿಸಿದ ಜಾಲರಿ ಸಾಕಾಗಬಹುದು.

ಈ ಮೂರು ಕರೆ ಒಂದೇ ಗಂಟೆಯೊಳಗೆ ಮುಗಿಸಿ, ಕೂಡಲೇ ಗುಂಪಿಗೆ ಹಾಕಿ. ನಡುವೆ ರಾತ್ರಿ ಕಳೆಯಲು ಬಿಟ್ಟರೆ ಮೂವರಿಗೆ ಗೊತ್ತಿದ್ದು ಹನ್ನೊಂದು ಜನರಿಗೆ ಗೊತ್ತಿಲ್ಲ ಎಂಬ ಸ್ಥಿತಿ ಬರುತ್ತದೆ.

ಸಂದೇಶ

ಮೊದಲ ಸಾಲಿನಲ್ಲೇ ಎರಡೂ ತಾರೀಖು ಇರಲಿ. ಫೋನಿನ ಮೇಲೆ ಸೂಚನೆಯಾಗಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಉದ್ದ ಸಂದೇಶವನ್ನು ವಾಟ್ಸಾಪ್ ಮಡಚಿ ತೋರಿಸುತ್ತದೆ, ಪೂರ್ತಿ ತೆರೆಯುವವರು ಎಲ್ಲರೂ ಅಲ್ಲ. ನಮಸ್ಕಾರ, ಮಳೆ, ಪರಿಸ್ಥಿತಿ ಎಂದು ಶುರು ಮಾಡಿದರೆ ತೋಟದಲ್ಲಿ ನಿಂತು ಫೋನು ನೋಡಿದವರಿಗೆ ತಾರೀಖು ಸಿಗುವುದೇ ಇಲ್ಲ.

> *ಕಣ ನವೆಂಬರ್ 20ಕ್ಕೆ ಸಿಗುವುದಿಲ್ಲ. ಹೊಸ ದಿನಾಂಕ ಡಿಸೆಂಬರ್ 1, ಸೋಮವಾರ.*
>
> ಎಲ್ಲರಿಗೂ ನಮಸ್ಕಾರ. 5, 6, 7ಕ್ಕೆ ಹಾಕಬೇಕಿದ್ದ ಕಾಂಕ್ರೀಟ್ 13, 14, 15ಕ್ಕೆ ಹೋಗಿದೆ. ಎಂಟು ದಿನ ಹಿಂದೆ ಬಿದ್ದಿದ್ದೇವೆ. ಅದರಲ್ಲಿ ಮೂರು ದಿನ ಮಳೆಯದು. ಐದು ದಿನ ನನ್ನದು, ಜಲ್ಲಿಯ ಆರ್ಡರನ್ನು ನಾನು ತಡವಾಗಿ ಕೊಟ್ಟೆ. ಮೇಸ್ತ್ರಿಯವರಿಂದ ತಡವಾಗಿಲ್ಲ. 5ಕ್ಕೆ ಕೆಲಸ ಶುರುವಾಗದಿದ್ದಾಗಲೇ ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸಿ.
>
> ಮುಂದಿನ ಲೆಕ್ಕ: 15ಕ್ಕೆ ಕಾಂಕ್ರೀಟ್ ಮುಗಿದರೆ 25ರವರೆಗೆ ನೀರು ನಿಲ್ಲಿಸಬೇಕು, 26, 27ಕ್ಕೆ ಸಂದು ತುಂಬುವುದು. ಮಳೆಗೆಂದು ಮೂರು ದಿನ ಹೆಚ್ಚು ಇಟ್ಟಿದ್ದೇನೆ. ಕಾಂಕ್ರೀಟ್ ಮುಗಿಯುವುದರೊಳಗೆ ಎರಡು ದಿನ ಮಳೆ ಬಂದರೂ ಡಿಸೆಂಬರ್ 1 ನಿಲ್ಲುತ್ತದೆ. ಮೂರನೇ ದಿನವೂ ಹೋದರೆ ಹುತ್ತರಿ ಕಳೆದು ಡಿಸೆಂಬರ್ 8.
>
> ಡಿಸೆಂಬರ್ 1ಕ್ಕೆ ಮುಂಚೆ ಪಾರ್ಚ್‌ಮೆಂಟ್ ಹರಡಬೇಕಾದವರು ನಾಳೆ ಸಂಜೆ 6ರೊಳಗೆ ಇಲ್ಲಿ ಹೆಸರು ಮತ್ತು ಅಂದಾಜು ಎಷ್ಟು ಚೀಲ ಎಂದು ಹಾಕಿ. ಯಾರ ಹಳೆ ಕಣದಲ್ಲಿ ಜಾಗ ಇದೆ ಎಂದು ನಾನು ಕೇಳಿ ಹೊಂದಿಸುತ್ತೇನೆ.
>
> ಕಣದ ಮೇಲೆ ಟ್ರ್ಯಾಕ್ಟರ್, ಪಿಕಪ್ ಡಿಸೆಂಬರ್ 13ರವರೆಗೆ ಬೇಡ.
>
> 15ಕ್ಕೆ ಶನಿವಾರ ಸಂಜೆ 7ಕ್ಕೆ ಕಾಂಕ್ರೀಟ್ ಮುಗಿಯಿತೇ ಇಲ್ಲವೇ ಎಂದು ಇಲ್ಲಿಯೇ ಬರೆಯುತ್ತೇನೆ.

ಇದರಲ್ಲಿ “ಎರಡು ದಿನ ಮಳೆ” ಎಂದಿರುವುದು ಒಂದು ಭಾನುವಾರದ ಕೆಲಸಕ್ಕೆ ಮೇಸ್ತ್ರಿ ಒಪ್ಪಿದ್ದರೆ ಮಾತ್ರ. ಒಪ್ಪದಿದ್ದರೆ “ಒಂದು ದಿನ” ಎಂದು ತಿದ್ದಿ, ಆಮೇಲಿನ ಸಾಲನ್ನು “ಎರಡನೇ ದಿನವೂ ಹೋದರೆ” ಎಂದು ಮಾಡಿ.

ತಪ್ಪೊಪ್ಪಿಗೆಯ ಭಾಗ ಎಷ್ಟು ಚಿಕ್ಕದು ನೋಡಿ. ಯಾರು ಏನು ಮಾಡಿದರು, ಅದರಿಂದ ಎಷ್ಟು ದಿನ ಹೋಯಿತು, ಅಷ್ಟೇ. ದಿನಗಳನ್ನು ಹೀಗೆ ಬಿಡಿಸಿ ಹೇಳಿದಾಗ ಮಳೆಯ ಪಾಲು ಮಳೆಗೆ, ನಿಮ್ಮ ಪಾಲು ನಿಮಗೆ ಹೋಗುತ್ತದೆ, ವಾದಕ್ಕೆ ಜಾಗ ಉಳಿಯುವುದಿಲ್ಲ. ಬರೀ “ಮಳೆಯಿಂದಾಗಿ” ಎಂದು ಬರೆದರೆ ಜಲ್ಲಿಯ ವಿಷಯ ಗೊತ್ತಿರುವ ಮೇಸ್ತ್ರಿ ಗುಂಪಿನಲ್ಲೇ ಇದ್ದಾರೆ. ಅವರು ಬಾಯಿ ಬಿಡದೆ ಇರಬಹುದು, ಆದರೆ ನಿಮ್ಮ ಮುಂದಿನ ತಾರೀಖನ್ನು ನಂಬುವುದಿಲ್ಲ. ಹಾಗೆಯೇ ಎಂಟೂ ದಿನವನ್ನು ತಲೆಯ ಮೇಲೆ ಹಾಕಿಕೊಂಡು “ಎಲ್ಲಾ ನನ್ನದೇ ತಪ್ಪು” ಎಂದು ನಾಲ್ಕು ಸಲ ಬರೆಯುವುದೂ ಬೇಡ. ಆಗ ಉತ್ತರವೆಲ್ಲ “ಪರವಾಗಿಲ್ಲ ಬಿಡಿ ಸಾರ್” ಎಂದು ನಿಮ್ಮನ್ನು ಸಮಾಧಾನ ಮಾಡುವುದಕ್ಕೇ ಹೋಗುತ್ತದೆ, ಎಷ್ಟು ಚೀಲ ಎಂದು ಯಾರೂ ಬರೆಯುವುದಿಲ್ಲ. ಕಡಿಮೆ ದರಕ್ಕಾಗಿ ಕಾದೆ ಎಂಬ ಕಾರಣವನ್ನೂ ನಾನು ಸಂದೇಶದಿಂದ ಬಿಟ್ಟಿದ್ದೇನೆ. ಅದು ನಿಜ, ಯಾರಾದರೂ ಕೇಳಿದರೆ ಮರೆಮಾಚದೆ ಹೇಳಿ. ಆದರೆ ಮೊದಲ ಸಂದೇಶದಲ್ಲಿ ಅದು “ನಿಮ್ಮ ದುಡ್ಡು ಉಳಿಸಲು ಹೋಗಿ” ಎನ್ನುವ ಧಾಟಿ ಪಡೆದುಬಿಡುತ್ತದೆ.

ಮೇಸ್ತ್ರಿಯವರಿಂದ ತಡವಾಗಿಲ್ಲ ಎಂಬ ವಾಕ್ಯವನ್ನು ಮಾತ್ರ ಬಿಡಬೇಡಿ. ಕಟ್ಟಡದ ಕೆಲಸ ತಡವಾದರೆ ಎಲ್ಲರ ಮನಸ್ಸಿಗೂ ಮೊದಲು ಬರುವುದು ಮೇಸ್ತ್ರಿಯ ಹೆಸರು. 16 ಅಥವಾ 30ರ ಭಾನುವಾರ ಕೆಲಸಕ್ಕೆ ಬನ್ನಿ ಎಂದು ನೀವು ಕೇಳಬೇಕಾದ್ದೂ ಅವರನ್ನೇ.

15ರ ಸಂಜೆಯೇ ಯಾಕೆ

ಮುಂದಿನ ಸುದ್ದಿ ಯಾವಾಗ ಎಂಬುದಕ್ಕೆ “ಆಗಾಗ ತಿಳಿಸುತ್ತೇನೆ” ಎಂದು ಬರೆಯುವುದು ರೂಢಿ. ಅದರ ಬದಲು ಅನಿಶ್ಚಯ ಕಳೆಯುವ ದಿನವನ್ನು ಹುಡುಕಿ. ಹಸಿ ಕಾಂಕ್ರೀಟಿನ ಮೇಲೆ ಜೋರು ಮಳೆ ಬಿದ್ದರೆ ಮೇಲ್ಮೈಯ ಸಿಮೆಂಟ್ ಹಾಲು ತೊಳೆದುಹೋಗಿ ಜಲ್ಲಿ ಕಾಣುತ್ತದೆ, ಆ ಪಟ್ಟಿ ಕೆಡುತ್ತದೆ. ಆದರೆ ಗಟ್ಟಿಯಾದ ಮೇಲೆ ಬರುವ ಮಳೆ ಕ್ಯೂರಿಂಗಿಗೆ ನೀರು ಹಾಕಿದ ಹಾಗೆ, ಅದರಿಂದ ತಡವಾಗುವುದಿಲ್ಲ. ಸಂದು ತುಂಬುವ ಎರಡು ದಿನಕ್ಕೆ ಮಾತ್ರ ಮತ್ತೆ ಒಣ ಹವೆ ಬೇಕು. ಅಂದರೆ ನಿಮ್ಮ ತಾರೀಖಿನ ಅಪಾಯದಲ್ಲಿ ಹೆಚ್ಚಿನ ಪಾಲು ಈ ಒಂದು ವಾರದಲ್ಲೇ ಇದೆ. ಕೊನೆಯ ಪಟ್ಟಿ ಬಿದ್ದ ಸಂಜೆ ನೀವು ಬಹುಮಟ್ಟಿಗೆ ಖಚಿತವಾಗಿ ಮಾತಾಡಬಹುದು. ಸದಸ್ಯರೂ ಆಳುಗಳಿಗೆ ಅಂದೇ ಕೊನೆಯ ಮಾತು ಹೇಳಬಹುದು.

ಅಂದು 7ಕ್ಕೆ ಬರೆಯಲೇಬೇಕು. ಕೆಲಸ ಮುಗಿದಿದ್ದರೆ “ಕಾಂಕ್ರೀಟ್ ಮುಗಿಯಿತು, ಡಿಸೆಂಬರ್ 1 ಹಾಗೆಯೇ ಇದೆ” ಎಂಬ ಒಂದು ಸಾಲು, ಜೊತೆಗೆ ಒಂದು ಫೋಟೊ. ಮುಗಿಯದಿದ್ದರೆ ಎಷ್ಟು ಪಟ್ಟಿ ಉಳಿದಿದೆ, ಮೀಸಲಿನಲ್ಲಿ ಎಷ್ಟು ದಿನ ಖರ್ಚಾಯಿತು. ನಡುವೆ ಮೂರನೇ ದಿನ ಮಳೆಗೆ ಹೋಯಿತೆಂದರೆ 15ರವರೆಗೆ ಕಾಯದೆ ಅಂದೇ ಸಂಜೆ ಡಿಸೆಂಬರ್ 8 ಎಂಬ ತಾರೀಖನ್ನು ಹೇಳಿಬಿಡಿ.

ಹಾಕಿದ ಮೇಲೆ

ಸಂದೇಶವನ್ನು 30 ದಿನಕ್ಕೆ ಪಿನ್ ಮಾಡಿ. ಮದುವೆ ಕರೆಯೋಲೆ, ಶುಭೋದಯದ ಚಿತ್ರಗಳ ನಡುವೆ ಅದು ಎರಡೇ ದಿನದಲ್ಲಿ ಮೇಲೆ ಹೋಗಿಬಿಡುತ್ತದೆ. ಕಳಿಸಿದ 15 ನಿಮಿಷದವರೆಗೆ ತಿದ್ದಲು ಆಗುತ್ತದೆ. ಅಕ್ಷರ ತಪ್ಪಿದ್ದರೆ ತಿದ್ದಿ, ತಾರೀಖನ್ನು ಮಾತ್ರ ಹಾಗೆ ಸದ್ದಿಲ್ಲದೆ ಬದಲಿಸಬೇಡಿ. ಮೊದಲ ಐದು ನಿಮಿಷದಲ್ಲಿ ಓದಿದವರು ಹಳೆಯದನ್ನೇ ನೆನಪಿಟ್ಟುಕೊಂಡಿರುತ್ತಾರೆ. ತಾರೀಖು ಬದಲಾದರೆ ಹಳೆ ಸಂದೇಶಕ್ಕೆ ಉತ್ತರವಾಗಿ ಹೊಸದನ್ನು ಹಾಕಿ, ಹಳೆಯದರ ಪಿನ್ ತೆಗೆದು ಹೊಸದಕ್ಕೆ ಹಾಕಿ.

ರಾತ್ರಿ ಮಲಗುವ ಮುಂಚೆ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆಯಿರಿ. ಯಾರು ಓದಿದ್ದಾರೆ, ಯಾರಿಗೆ ಬರೀ ತಲುಪಿದೆ ಎಂದು ಹೆಸರುಗಳು ಬರುತ್ತವೆ. ಎರಡೂ ಪಟ್ಟಿಯಲ್ಲಿ ಇಲ್ಲದವರಿಗೆ ಸಂದೇಶ ಇನ್ನೂ ಹೋಗಿಲ್ಲ ಎಂದರ್ಥ. ತೋಟದ ಮನೆಗಳಲ್ಲಿ ಕರೆಂಟ್ ಹೋದ ಮೇಲೆ ನೆಟ್‌ವರ್ಕೂ ಹೋಗುವುದು ಸಾಮಾನ್ಯ. ಅಂಥವರಿಗೆ ಬೆಳಿಗ್ಗೆ ಫೋನ್ ಮಾಡಿ ಅಥವಾ ರೈಟರ್ ಕೈಯಲ್ಲಿ ಹೇಳಿಸಿ. ಕನ್ನಡ ಓದಲು ಕಷ್ಟಪಡುವವರು ಗುಂಪಿನಲ್ಲಿದ್ದರೆ ಅರ್ಧ ನಿಮಿಷದ ಧ್ವನಿ ಸಂದೇಶವನ್ನು ಕೂಡಲೇ ಕೆಳಗೆ ಹಾಕಿ. ಅದರಲ್ಲಿ ಡಿಸೆಂಬರ್ 1 ಮತ್ತು ಗಾಡಿ ಹತ್ತಿಸಬಾರದು ಎಂಬ ಎರಡೇ ಮಾತು ಸಾಕು.

“ಮೊದಲೇ ಹೇಳಬಹುದಿತ್ತಲ್ಲ” ಎಂದು ಒಬ್ಬರಾದರೂ ಬರೆಯುತ್ತಾರೆ. “ಹೌದು, 5ಕ್ಕೇ ಹೇಳಬೇಕಿತ್ತು. ನಿಮ್ಮ ಕೊಯ್ಲು ಯಾವಾಗ ಇಟ್ಟಿದ್ದೀರಿ, ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ” ಎಂದು ಉತ್ತರಿಸಿ, ಮಾಡಿ. ಗುಂಪಿನಲ್ಲಿ ಅದನ್ನು ಬೆಳೆಸಬೇಡಿ.

ಇನ್ನೊಂದು ಒತ್ತಡ ಹೆಚ್ಚು ಅಪಾಯದ್ದು: “ಕ್ಯೂರಿಂಗ್ ಐದು ದಿನ ಸಾಕು, 23ಕ್ಕೆ ಕೊಟ್ಟುಬಿಡಿ.” ಹಿರಿಯರೇ ಹೇಳಿದರೂ ಒಪ್ಪಬೇಡಿ. ಬೇಗ ಒಣಗಿದ ಮೇಲ್ಮೈ ಸಣ್ಣಗೆ ಬಿರುಕು ಬಿಡುತ್ತದೆ, ಹಲಗೆಯಲ್ಲಿ ಕಾಫಿ ಎಳೆದಾಗ ಪುಡಿ ಏಳುತ್ತದೆ, ಆ ಪುಡಿ ಪಾರ್ಚ್‌ಮೆಂಟಿಗೆ ಹತ್ತುತ್ತದೆ. ಐದು ದಿನ ಉಳಿಸಲು ಹೋಗಿ ಪ್ರತಿ ವರ್ಷದ ಮಾಲು ಕೆಡಿಸಿಕೊಂಡಂತೆ. “13ಕ್ಕೆ ಹಾಕಿದ ಭಾಗವನ್ನಾದರೂ ಮೊದಲು ಕೊಡಿ” ಎಂಬ ಕೋರಿಕೆಗೆ ನೀವು ಮನಸೋಲಬಹುದು, ಲೆಕ್ಕದಲ್ಲಿ ಅದು 26ಕ್ಕೇ ತಯಾರಾಗುತ್ತದೆ. ಆದರೆ ಪಕ್ಕದ ಪಟ್ಟಿಯ ಸಂದು ಕೆಲಸ ಆಗ ನಡೆಯುತ್ತಿರುತ್ತದೆ, ತೊಳೆದ ನೀರು ಇತ್ತ ಹರಿದರೆ ಅರ್ಧ ಒಣಗಿದ ಪಾರ್ಚ್‌ಮೆಂಟ್ ಮತ್ತೆ ನೆನೆಯುತ್ತದೆ. ಇಳಿಜಾರು ಯಾವ ಕಡೆಗಿದೆ, ನಡುವೆ ಕಟ್ಟೆ ಕಟ್ಟಲು ಆಗುತ್ತದೆಯೇ ಎಂದು ಮೇಸ್ತ್ರಿ ನೋಡಿ ಹೇಳಿದರೆ ಮಾತ್ರ ಆ ಮಾತು ಕೊಡಿ. ನಿಜವಾಗಿ ಕಡಿಮೆ ಮಾಡಬಹುದಾದದ್ದು ಕಾಂಕ್ರೀಟಿನ ಮೂರು ದಿನ. ಇನ್ನೊಂದು ಮಿಕ್ಸರ್ ಮತ್ತು ಆಳು ಸಿಕ್ಕರೆ ಅದು ಎರಡಾಗಬಹುದು. ಅದರ ಖರ್ಚು ಎಷ್ಟೆಂದು ಕೇಳಿ, ಗುಂಪಿನ ಮುಂದಿಡಿ, ಅವರೇ ತೀರ್ಮಾನಿಸಲಿ. ಉಳಿದ ದಿನವನ್ನು ತಾರೀಖು ಮುಂದೆ ತರಲು ಬಳಸದೆ ಮೀಸಲಿಗೆ ಸೇರಿಸಿ.

ಕ್ಯೂರಿಂಗಿನ ಹತ್ತು ದಿನ, ಭಾನುವಾರವೂ ಸೇರಿ, ನೀರು ನಿಲ್ಲಿಸಲು ಯಾರು ಬರುತ್ತಾರೆ ಎಂಬ ಹೆಸರನ್ನು ಇವತ್ತೇ ಗೊತ್ತು ಮಾಡಿಕೊಳ್ಳಿ. ಡಿಸೆಂಬರ್ 13 ಎಂಬ ಗಾಡಿಯ ತಾರೀಖು ಕೊನೆಯ ಪಟ್ಟಿಯಿಂದ 28 ದಿನ ಎಣಿಸಿ ಬಂದದ್ದು. ಕಾಂಕ್ರೀಟ್ 17ಕ್ಕೆ ಮುಗಿದರೆ ಅದು 15 ಆಗುತ್ತದೆ. ಕಣ ಬಿಟ್ಟುಕೊಡುವ ತಾರೀಖು ಡಿಸೆಂಬರ್ 1ರಲ್ಲೇ ನಿಂತಿದ್ದರೂ ಗಾಡಿಯ ತಾರೀಖು ಹೀಗೆ ಮುಂದೆ ಹೋಗುತ್ತದೆ. ಆ ಬದಲಾವಣೆಯನ್ನು ಗುಂಪಿನಲ್ಲಿ ಹಾಕುವುದರ ಜೊತೆಗೆ ಟ್ರ್ಯಾಕ್ಟರ್ ಡ್ರೈವರಿಗೆ ಬೇರೆಯಾಗಿ ಫೋನ್ ಮಾಡಿ ಹೇಳಿ.